ಸರಕು ಯಾರದು? ಗೋದಾಮಿನಿಂದ ಬೇಡಿಕೆ ಯೋಜನೆಯ ಕಡೆಗೆ

ಗುರುತು ಸಿಗದಂತೆ ಹೆಸರು, ಊರು ಮತ್ತು ಸರಕಿನ ವಿವರಗಳನ್ನು ಬದಲಿಸಿದ್ದೇನೆ.

ಕಾವ್ಯ ಬಿ.ಕಾಂ. ಪದವೀಧರೆ, ವಯಸ್ಸು 24. ತುಮಕೂರು ರಸ್ತೆಯ ದಾಬಸ್‌ಪೇಟೆ ಬಳಿಯ ಒಂದು ದೊಡ್ಡ ಗೋದಾಮಿನಲ್ಲಿ ಎರಡು ವರ್ಷಗಳಿಂದ ಇನ್‌ವರ್ಡ್ ವಿಭಾಗದಲ್ಲಿದ್ದಾರೆ. ಲಾರಿ ಬಂದೊಡನೆ ಇನ್‌ವಾಯ್ಸ್ ಮತ್ತು ಇ-ವೇ ಬಿಲ್ ತಾಳೆ ನೋಡುವುದು, ಪೆಟ್ಟಿಗೆ ಎಣಿಸುವುದು, ಬ್ಯಾಚ್ ಸಂಖ್ಯೆ ಹಾಗೂ ಅವಧಿ ಮುಗಿಯುವ ದಿನಾಂಕ ದಾಖಲಿಸುವುದು, ಒಡೆದ ಮಾಲನ್ನು ಬೇರೆ ಇಡಿಸಿ ಜಿಆರ್‌ಎನ್, ಅಂದರೆ ಮಾಲು ಸ್ವೀಕರಿಸಿದ ದಾಖಲೆ, ಮಾಡುವುದು ಅವರ ದಿನಚರಿ. ಮನೆಯಲ್ಲಿ ತಂದೆಗೆ ಇದು ಹಿಡಿಸಿಲ್ಲ. ಡಿಗ್ರಿ ಓದಿದ ಮಗಳು ಗೋಡೌನ್‌ನಲ್ಲಿ ಡಬ್ಬ ಎಣಿಸುತ್ತಾಳೆ ಎಂಬುದು ಅವರ ಕೊರಗು.

ಮುಂದಿನ ಕೆಲಸದ ಬಗ್ಗೆ ಸಲಹೆ ಕೇಳಲು ನನ್ನ ಬಳಿ ಬಂದಾಗ ಕಾವ್ಯ ಎರಡು ಕಾಗದ ತಂದಿದ್ದರು. ಒಂದು, ಬೇಡಿಕೆ ಯೋಜನೆ, ಅಂದರೆ ಮುಂದೆ ಎಷ್ಟು ಮಾಲು ಬೇಕಾದೀತು ಎಂದು ಅಂದಾಜಿಸುವುದನ್ನು ಕಲಿಸುತ್ತೇವೆ, ಕೆಲಸ ಕೊಡಿಸುವುದು ಖಚಿತ ಎನ್ನುವ ಖಾಸಗಿ ಕೋರ್ಸಿನ ಕರಪತ್ರ. ಶುಲ್ಕ ಒಂದು ಲಕ್ಷ ರೂಪಾಯಿಗೂ ಹೆಚ್ಚು. ಇನ್ನೊಂದು, ಪೀಣ್ಯದ ಸಣ್ಣ ಬಿಡಿಭಾಗ ಕಾರ್ಖಾನೆಯೊಂದರ ಖರೀದಿ ವಿಭಾಗದಿಂದ ಬಂದ ಕೆಲಸದ ಪತ್ರ; ಸಂಬಳ ಈಗಿನದಕ್ಕಿಂತ ತುಸು ಮೇಲು.

“ಇಲ್ಲೇ ಇದ್ದರೆ ಪ್ಲಾನಿಂಗ್‌ಗೆ ಬಡ್ತಿ ಸಿಗುತ್ತದಾ ಮೇಡಂ?” ಎಂದು ಕೇಳಿದರು.

ಗೋದಾಮಿನಲ್ಲಿರುವ ಸರಕು ಯಾರದು ಎಂದು ನಾನು ಕೇಳಿದೆ. ಅದು ಒಂದು ಆಹಾರ ಕಂಪನಿಯದು. ಗೋದಾಮು ನಡೆಸುವುದು ಬೇರೊಂದು ಲಾಜಿಸ್ಟಿಕ್ಸ್ ಸಂಸ್ಥೆ. ಕಾವ್ಯ ಅವರ ಸಂಬಳದ ಚೀಟಿಯಲ್ಲಿದ್ದದ್ದು ಮೂರನೆಯ ಹೆಸರು, ಜನರನ್ನು ಒದಗಿಸುವ ಗುತ್ತಿಗೆದಾರನದು. 2017ರಲ್ಲಿ ಜಿಎಸ್‌ಟಿ ಬಂದ ಮೇಲೆ ತೆರಿಗೆಗಾಗಿ ರಾಜ್ಯಕ್ಕೊಂದು ಡಿಪೋ ಇಡಬೇಕಾದ ಒತ್ತಡ ತಗ್ಗಿತು. ನೆಲಮಂಗಲ, ದಾಬಸ್‌ಪೇಟೆ, ಹೊಸಕೋಟೆಯ ಸುತ್ತ ದೊಡ್ಡ ಗೋದಾಮುಗಳು ಬೆಳೆದವು, ಪದವೀಧರರಿಗೆ ಕೆಲಸವೂ ಸಿಕ್ಕಿತು. ಆದರೆ ಅವುಗಳಲ್ಲಿ ಅನೇಕ ಕೆಲಸಗಳು ಹೀಗೆಯೇ ಸರಕಿನ ಒಡೆಯನಿಂದ ಎರಡು ಮೆಟ್ಟಿಲು ದೂರದಲ್ಲಿರುತ್ತವೆ.

ಮುಂದಿನ ತಿಂಗಳು ಎಷ್ಟು ಮಾರಾಟವಾದೀತು, ಎಷ್ಟು ತಯಾರಿಸಬೇಕು, ಯಾವ ಡಿಪೋಗೆ ಎಷ್ಟು ಕಳುಹಿಸಬೇಕು ಎಂಬುದನ್ನು ತೀರ್ಮಾನಿಸುವವನು ಸರಕಿಗೆ ಹಣ ಹಾಕಿದವನು. ಗೋದಾಮು ನಡೆಸುವ ಸಂಸ್ಥೆಗೆ ಸಿಗುವುದು ಜಾಗದ ಬಾಡಿಗೆ ಮತ್ತು ಎತ್ತಿ ಇಳಿಸುವ ಕೂಲಿ. ಆದ್ದರಿಂದ ಕಾವ್ಯ ಅಲ್ಲಿ ಶಿಫ್ಟ್ ಮೇಲ್ವಿಚಾರಕಿ ಆಗಬಹುದು, ದಾಸ್ತಾನು ನಿಯಂತ್ರಣಕ್ಕೆ ಹೋಗಬಹುದು, ಮುಂದೆ ಗೋದಾಮಿನ ವ್ಯವಸ್ಥಾಪಕಿಯೂ ಆಗಬಹುದು. ಅದು ಒಳ್ಳೆಯ ದಾರಿಯೇ. ಆ ಸರಕಿನ ಬೇಡಿಕೆ ಯೋಜನೆ ಮಾತ್ರ ಆ ಕಟ್ಟಡದೊಳಗೆ ಇಲ್ಲ. ಇಷ್ಟು ದಿನ ಯಾರೂ ಇದನ್ನು ಅವರಿಗೆ ಹೇಳಿರಲಿಲ್ಲ ಎಂಬುದು ನನಗೆ ನೋವು ತಂದಿತು.

ಕೋರ್ಸಿಗೆ ಹಣ ಕಟ್ಟುವ ಮೊದಲು ಒಂದು ಲೆಕ್ಕ ಮಾಡೋಣ ಎಂದೆ. ಅವರ ಗೋದಾಮಿನಿಂದ ಹೊರಡುವ ಒಂದು ಹಣ್ಣಿನ ಪಾನೀಯವನ್ನು ಆಯ್ದುಕೊಂಡೆವು. ಕಂಪನಿಯ ಅಂಕಿಗಳನ್ನು ಹೊರಗೆ ತರಬಾರದು, ಹಾಗಾಗಿ ಕಲ್ಪಿತ ಅಂಕಿ ಬರೆದುಕೊಂಡೆವು. ನಾಲ್ಕು ವಾರಗಳಲ್ಲಿ ಹೊರಟ ಪೆಟ್ಟಿಗೆಗಳು 120, 130, 60, 125. ಸರಾಸರಿ ಸುಮಾರು 109. ಐದನೆಯ ವಾರಕ್ಕೆ ಎಷ್ಟು ತರಿಸಬೇಕು? ಕಾಗದ ಮಾತ್ರ ನೋಡುವವರು 109ರ ಸುತ್ತ ಒಂದು ಅಂಕಿ ಹೇಳುತ್ತಾರೆ. ಕಾವ್ಯ 60ರ ಮೇಲೆ ಬೆರಳಿಟ್ಟರು.

“ಹೀಗೆ ಬಿದ್ದರೆ ಸಾಮಾನ್ಯವಾಗಿ ಲಾರಿ ತಡವಾಗಿರುತ್ತದೆ. ಮಾಲು ಗುರುವಾರ ಬಂದರೆ ಮೊದಲ ಮೂರು ದಿನ ರ‍್ಯಾಕ್ ಖಾಲಿ.”

ವಾರಕ್ಕೆ ಆರು ದಿನ ರವಾನೆ. ಮೂರು ದಿನದಲ್ಲಿ 60 ಹೋಗಿದ್ದರೆ ದಿನಕ್ಕೆ 20, ಇಡೀ ವಾರಕ್ಕೆ 120. ಹಾಗೆ ತಿದ್ದಿದರೆ ಸರಾಸರಿ ಸುಮಾರು 124. ತಿದ್ದದೆ 109 ತರಿಸಿದರೆ ಮತ್ತೆ ಕೊರತೆ ಬೀಳುತ್ತದೆ, ಕೊರತೆಯಿಂದ ಮಾರಾಟ ಇನ್ನೂ ಕಡಿಮೆ ಕಾಣುತ್ತದೆ, ಮುಂದಿನ ಅಂದಾಜು ಇನ್ನೂ ತಗ್ಗುತ್ತದೆ. ಮಾರಾಟವನ್ನೇ ಬೇಡಿಕೆ ಎಂದು ಓದುವುದು ಈ ಕೆಲಸಕ್ಕೆ ಹೊಸದಾಗಿ ಬಂದವರು ಪದೇ ಪದೇ ಮಾಡುವ ತಪ್ಪು.

ಅಲ್ಲಿಗೇ ನಿಲ್ಲುವಂತಿಲ್ಲ. ಗುರುವಾರ ಹೊರಟ ಮಾಲಿನಲ್ಲಿ ಸೋಮವಾರದಿಂದ ಕಾದಿದ್ದ ಆರ್ಡರ್‌ಗಳೂ ಸೇರಿದ್ದರೆ 120 ಎಂಬುದು ಅತಿಯಾದ ಅಂದಾಜು. ಹಾಗಾಗಿ ರವಾನೆಯ ಪಟ್ಟಿಯ ಪಕ್ಕದಲ್ಲಿ ಬಾಕಿ ಆರ್ಡರ್‌ಗಳ ಪಟ್ಟಿಯನ್ನೂ ಇಟ್ಟು ನೋಡಬೇಕು. ತಮ್ಮಲ್ಲಿ ಪೂರೈಸಲಾಗದ ಆರ್ಡರ್ ಅದೇ ಸಂಜೆ ರದ್ದಾಗುತ್ತದೆ ಎಂದು ಕಾವ್ಯ ಹೇಳಿದರು. ಹಾಗಿದ್ದರೆ ವಿತರಕ ಗುರುವಾರ ಎಂದಿಗಿಂತ ದೊಡ್ಡ ಆರ್ಡರ್ ಹಾಕಿದನೇ ಎಂದು ಹುಡುಕಬೇಕು. ದಿನವಾರು ಅಂಕಿ ಬೇಕಾಗುವುದು ಇದಕ್ಕೇ. ಇದನ್ನು ಅವರು ನಾನು ಹೇಳುವ ಮೊದಲೇ ಊಹಿಸಿದರು. ರ‍್ಯಾಕ್ ಯಾವಾಗ ಖಾಲಿಯಿತ್ತು ಎಂದು ಕಣ್ಣಾರೆ ಕಂಡವರಿಗೆ ಈ ಯೋಚನೆ ತಾನಾಗಿ ಬರುತ್ತದೆ. ಲಕ್ಷ ರೂಪಾಯಿ ಕೊಟ್ಟು ಕಲಿಯಬೇಕಾದ ಭಾಗ ಅದಲ್ಲ.

ಅವರಿಗೆ ಕಡಿಮೆಯಿದ್ದದ್ದು ಎಕ್ಸೆಲ್. ಜಿಆರ್‌ಎನ್ ಪರದೆ ಬಿಟ್ಟರೆ ಅಂಕಿಗಳನ್ನು ತಾವೇ ಜೋಡಿಸಿ ನೋಡಿದ ಅಭ್ಯಾಸವಿರಲಿಲ್ಲ. ಪಿವೋಟ್ ಟೇಬಲ್, ಎರಡು ಪಟ್ಟಿಗಳನ್ನು ಹೊಂದಿಸುವ `XLOOKUP`, ಅಂದಾಜಿಗೂ ನಿಜಕ್ಕೂ ಇರುವ ಅಂತರವನ್ನು ವಾರವಾರವೂ ಅಳೆಯುವುದು, ಇಷ್ಟನ್ನು ಮೊದಲು ಕಲಿಯಿರಿ ಎಂದೆ. ಅಂತರ ಒಮ್ಮೆ ಮೇಲೆ, ಒಮ್ಮೆ ಕೆಳಗೆ ಇದ್ದರೆ ಅದನ್ನು ಸುರಕ್ಷಾ ದಾಸ್ತಾನು, ಅಂದರೆ ಏರುಪೇರಿಗೆಂದು ಹೆಚ್ಚಿಗೆ ಇಟ್ಟ ಮಾಲು, ತಾಳಿಕೊಳ್ಳುತ್ತದೆ. ಸದಾ ಒಂದೇ ಕಡೆಗಿದ್ದರೆ ಅಂದಾಜಿನಲ್ಲೇ ವಾಲಿಕೆ ಇದೆ, ಅದನ್ನು ಬೇರಿನಲ್ಲೇ ಸರಿಪಡಿಸಬೇಕು. ಐಐಟಿ ಅಧ್ಯಾಪಕರ ಎನ್‌ಪಿಟಿಇಎಲ್ ಪಾಠಗಳು ಉಚಿತ, ಪರೀಕ್ಷೆ ಬರೆದು ಪ್ರಮಾಣಪತ್ರ ಬೇಕಿದ್ದರೆ ಮಾತ್ರ ಶುಲ್ಕ. ಯೋಜನೆ ಮತ್ತು ದಾಸ್ತಾನು ನಿರ್ವಹಣೆಯ ಸಿಪಿಐಎಂನಂಥ ಅಂತರರಾಷ್ಟ್ರೀಯ ಪ್ರಮಾಣಪತ್ರಕ್ಕೆ ಬೆಲೆಯಿದೆ, ಖರ್ಚೂ ಇದೆ. ಯೋಜನಾ ವಿಭಾಗದೊಳಗೆ ಕಾಲಿಟ್ಟ ಮೇಲೆ ಅದರ ಮಾತು.

ಖರೀದಿಯ ಕೆಲಸವನ್ನು ತಳ್ಳಿಹಾಕಬೇಡಿ, ಆದರೆ ಮೂರು ಸಂಗತಿ ಕೇಳಿ ಬನ್ನಿ ಎಂದು ಕಳುಹಿಸಿದೆ. ಮಾರಾಟಗಾರರಿಂದ ದರಪಟ್ಟಿ ತರಿಸಿ ಹೋಲಿಕೆ ಪಟ್ಟಿ ಮಾಡುವವರು ಯಾರು? ದರ ಮಾತಾಡುವವರು ಯಾರು? ಯಾವಾಗ, ಎಷ್ಟು ತರಿಸಬೇಕೆಂದು ನಿರ್ಧರಿಸುವವರು ಯಾರು? ಮೂರಕ್ಕೂ ಬಂದ ಉತ್ತರ ಒಂದೇ, ಮಾಲೀಕರು. ಕಾವ್ಯ ಮಾಡಬೇಕಾದದ್ದು ಪರ್ಚೇಸ್ ಆರ್ಡರ್ ಟೈಪ್ ಮಾಡುವುದು, ಮಾಲು ಬಂತೇ ಎಂದು ಫೋನ್ ಹಚ್ಚುವುದು. ಹೋಲಿಕೆ ಪಟ್ಟಿಯಾದರೂ ಅವರ ಕೈಯಲ್ಲಿ ಇದ್ದಿದ್ದರೆ ಹೋಗಿ ಎನ್ನುತ್ತಿದ್ದೆ.

ಕೊನೆಗೆ ನಾನು ಕೊಟ್ಟ ಸಲಹೆ ಇದು: ಕೋರ್ಸ್ ಬೇಡ, ಪೀಣ್ಯ ಬೇಡ. ಇನ್‌ವರ್ಡ್‌ನಿಂದ ದಾಸ್ತಾನು ನಿಯಂತ್ರಣಕ್ಕೆ ವರ್ಗ ಕೇಳಿ. ಅಲ್ಲಿ ಸೈಕಲ್ ಕೌಂಟ್, ಅಂದರೆ ಸರದಿಯಂತೆ ಒಂದಿಷ್ಟು ಸರಕಿನ ಎಣಿಕೆ, ಮಾಡುತ್ತ, ಪುಸ್ತಕದ ಲೆಕ್ಕಕ್ಕೂ ರ‍್ಯಾಕಿನ ಲೆಕ್ಕಕ್ಕೂ ವ್ಯತ್ಯಾಸ ಏಕೆ ಬಂತು ಎಂದು ಬರೆದಿಡಿ. ಸರಕಿನ ಕಂಪನಿಯ ಯೋಜಕರಿಗೆ ನಿತ್ಯ ವರದಿ ಹೋಗುವುದೂ ಆ ಮೇಜಿನಿಂದಲೇ. ಜೊತೆಜೊತೆಗೆ ಸ್ವಂತ ಸರಕುಳ್ಳ ಕಂಪನಿಗಳಲ್ಲಿ, ದೊಡ್ಡ ವಿತರಕರಲ್ಲಿ ಮರುಪೂರಣದ ಕೆಲಸ ಹುಡುಕಿ. ಪದವೀಧರರಿಗೆ ನೇರವಾಗಿ ಬೇಡಿಕೆ ಯೋಜಕ ಹುದ್ದೆ ಸಿಗುವುದು ಅಪರೂಪ. ಡಿಪೋಗಳಿಗೆ ಎಷ್ಟು ಮಾಲು ಹೋಗಬೇಕು ಎಂದು ನೋಡಿಕೊಳ್ಳುವ ಈ ಹುದ್ದೆ ಅದಕ್ಕೆ ಹತ್ತಿರದ ಬಾಗಿಲು.

ತಂದೆಯನ್ನೂ ಒಮ್ಮೆ ಕರೆಸಿ ಮಾತಾಡಿದೆ. ಮಗಳು ಎಣಿಸುವ ಲೆಕ್ಕ ತಪ್ಪಿದರೆ ಅವಧಿ ಮೀರಿದ ಪಾನೀಯ ಅಂಗಡಿಗೆ ಹೋಗಬಹುದು ಎಂದಾಗ ಅವರು ಹೊಸದಾಗಿ ಕೇಳಿದವರಂತೆ ಮಗಳ ಕಡೆ ನೋಡಿದರು.

ಕಾವ್ಯ ಈಗ ಹಾಲಿನ ಉತ್ಪನ್ನಗಳ ಒಂದು ಕಂಪನಿಯ ಡಿಪೋದಲ್ಲಿ ಮರುಪೂರಣ ಸಹಾಯಕಿ. ಸಂಬಳ ಪೀಣ್ಯದವರು ಹೇಳಿದ್ದಕ್ಕಿಂತ ಸ್ವಲ್ಪ ಕಡಿಮೆ, ಚೀಟಿಯಲ್ಲಿ ಮಾತ್ರ ಕಂಪನಿಯದೇ ಹೆಸರು. ಸಂದರ್ಶನದಲ್ಲಿ ಮಾರಾಟದ ಒಂದು ಪಟ್ಟಿ ಕೊಟ್ಟು ಮುಂದಿನ ವಾರದ ಅಂದಾಜು ಕೇಳಿದರಂತೆ. ಪಟ್ಟಿಯಲ್ಲಿ ಎರಡು ಸೊನ್ನೆಗಳಿದ್ದವು. ಆ ದಿನಗಳಲ್ಲಿ ದಾಸ್ತಾನು ಇತ್ತೇ ಎಂದು ಇವರು ತಿರುಗಿ ಕೇಳಿದರು.