ವಾಯ್ಸ್‌ಓವರ್ ಬರೆಯುವಾಗ ತುಟಿ ನೋಡಬೇಡಿ, ಮುಂದಿನ ಮಾತು ನೋಡಿ

ಪ್ರಶ್ನೆ: ನನಗೆ ರಷ್ಯನ್ ಚೆನ್ನಾಗಿ ಬರುತ್ತೆ. ಹಿಂದಿ ಧಾರಾವಾಹಿಗೆ ರಷ್ಯನ್ ವಾಯ್ಸ್‌ಓವರ್ ಬರೆಯುವ ಕೆಲಸ ಸಿಕ್ಕಿದೆ. ಎಲ್ಲ ಪಾತ್ರಗಳನ್ನೂ ಒಬ್ಬರೇ ಓದ್ತಾರಂತೆ. ತುಟಿಗೆ ಹೊಂದುವ ಹಾಗೆ ಅಕ್ಷರ ಎಣಿಸಿ ಬರೆಯೋದು ಹೇಗೆ? ಇದಕ್ಕೆ ಯಾವ ಸಾಫ್ಟ್‌ವೇರ್ ಒಳ್ಳೆಯದು?

ಎಣಿಸಲೇಬೇಡಿ. ನಾನು ಎಣಿಸಿಯೇ ಒಂದು ಇಡೀ ಧಾರಾವಾಹಿಯ ಕೆಲಸ ಕಳೆದುಕೊಂಡವನು.

ಆಗ ಮಾಸ್ಕೋದಲ್ಲಿ ಓದು ಮುಗಿಸಿ ಅಲ್ಲೇ ಇದ್ದೆ. ಒಂದು ಸಣ್ಣ ಸ್ಟುಡಿಯೋದವರು ಹಿಂದಿ ಧಾರಾವಾಹಿಯೊಂದನ್ನು ಕೊಟ್ಟರು. ಹೆಸರು ಬೇಡ. ಅತ್ತೆ, ಸೊಸೆ, ಅಡುಗೆಮನೆ, ದೇವಸ್ಥಾನ, ನಿಮಗೆ ಗೊತ್ತೇ ಇದೆ. ಓದುವವರು ಒಬ್ಬ ಗಂಡಸು. ಅತ್ತೆಯೂ ಅವರೇ, ಸೊಸೆಯೂ ಅವರೇ. ಕೆಳಗೆ ಮೂಲ ದನಿ ಸಣ್ಣಗೆ ಕೇಳುತ್ತಿರುತ್ತದೆ. ರಷ್ಯಾದ ವೀಕ್ಷಕರಿಗೆ ಇದು ಹೊಸದಲ್ಲ. ವಿಡಿಯೋ ಕ್ಯಾಸೆಟ್ ಕಾಲದಲ್ಲಿ ವೊಲೊದಾರ್ಸ್ಕಿ, ಗವ್ರಿಲೋವ್, ಮಿಖಾಲ್ಯೋವ್ ಅಂತ ಕೆಲವರು ಇಡೀ ಸಿನಿಮಾವನ್ನು ಒಬ್ಬರೇ ಹೇಳಿ ಮುಗಿಸುತ್ತಿದ್ದರು, ಅದೂ ಎಷ್ಟೋ ಸಲ ಮೂಲ ಮಾತು ಕೇಳಿಸಿಕೊಳ್ಳುತ್ತಲೇ. ಆ ದನಿಗಳನ್ನು ಜನ ಇವತ್ತಿಗೂ ಗುರುತು ಹಿಡಿಯುತ್ತಾರೆ.

ನನಗೋ ಡಬ್ಬಿಂಗ್ ಬಗ್ಗೆ ಅಲ್ಲಿ ಇಲ್ಲಿ ಓದಿದ ಹುಮ್ಮಸ್ಸು. ಅಲ್ಲಿನವರು ಡಬ್ಬಿಂಗ್‌ಗೆ 'ದುಬ್ಲ್ಯಾಜ್' ಅಂತಾರೆ, ಮಾತನ್ನು ಚಿತ್ರಕ್ಕೆ ಕೂರಿಸುವ ಕೆಲಸಕ್ಕೆ 'ಉಕ್ಲಾದ್ಕಾ' ಅಂತಾರೆ. ನಾನು ವಾಯ್ಸ್‌ಓವರ್‌ಗೂ ಅದನ್ನೇ ಮಾಡಲು ಹೊರಟೆ. ಎಲ್ಲಿ ಕೆಟ್ಟಿತು ಅಂತ ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ, ನೀವೂ ಅದೇ ದಾರಿ ಹಿಡಿದಿದ್ದೀರಿ.

ಅತ್ತೆ ಕೇಳುತ್ತಾಳೆ: 'ಕಲ್ ರಾತ್ ತುಮ್ ಕಹಾಂ ಥೀ? ಮೈನೇ ಸಬ್‌ಸೇ ಪೂಛಾ.' ನಿನ್ನೆ ರಾತ್ರಿ ಎಲ್ಲಿದ್ದೆ, ಎಲ್ಲರನ್ನೂ ಕೇಳಿದೆ ಅಂತ. ಅಕ್ಷರ ಅಂದರೆ ಇಲ್ಲಿ ಉಚ್ಚಾರದ ತುಂಡು, 'ಕಲ್' ಒಂದು, 'ಕಹಾಂ' ಎರಡು. ಹಾಗೆ ಎಣಿಸಿದರೆ ಹನ್ನೆರಡು ಅಕ್ಷರ. ನನ್ನ ಮೊದಲ ರಷ್ಯನ್ ಸಾಲು: 'ಗ್ದೆ ತಿ ಬಿಲಾ ವ್ಚೆರಾ ವೇಚೆರಮ್? ಯಾ ಓ ತೆಬೆ ವ್ಸೆಖ್ ಸ್ಪ್ರಾಶಿವಲಾ.' ಹದಿನೆಂಟು. ಕತ್ತರಿಸಿ ಕತ್ತರಿಸಿ ಹೀಗೆ ಮಾಡಿದೆ: 'ಗ್ದೆ ತಿ ಬಿಲಾ ನೋಚ್ಯು? ಯಾ ವ್ಸೆಖ್ ಸ್ಪ್ರಸೀಲಾ.' ಹನ್ನೊಂದು. ಅರ್ಥವೆಲ್ಲ ಉಳಿದಿದೆ, ಅಳತೆಯೂ ಸರಿ. ಇಡೀ ಕಂತನ್ನು ಹೀಗೇ ಬರೆದು ಕಳಿಸಿ ಬೀಗುತ್ತಿದ್ದೆ.

ರೆಕಾರ್ಡಿಂಗ್ ದಿನ ನನ್ನನ್ನೂ ಕರೆದಿದ್ದರು. ಶುರುವಾಗಿ ಸ್ವಲ್ಪ ಹೊತ್ತಿಗೇ ನಿರ್ದೇಶಕಿ ನಿಲ್ಲಿಸಿದರು.

ಆಗಿದ್ದು ಏನು ಅಂದರೆ, ವಾಯ್ಸ್‌ಓವರ್ ಓದುವವರು ಮೂಲದ ಜೊತೆಗೇ ಬಾಯಿ ತೆರೆಯುವುದಿಲ್ಲ. ಮೂಲದ ಒಂದೆರಡು ಪದ ಕೇಳಲು ಬಿಡುತ್ತಾರೆ. ಯಾರು ಮಾತಾಡಿದರು, ಯಾವ ಧಾಟಿಯಲ್ಲಿ ಅಂತ ವೀಕ್ಷಕರಿಗೆ ಗೊತ್ತಾಗುವುದು ಅಲ್ಲೇ. ಅಂದರೆ ಹತ್ತಿರ ಹತ್ತಿರ ಒಂದು ಸೆಕೆಂಡ್ ತಡ. ಮೂಲದಷ್ಟೇ ಉದ್ದ ಬರೆದರೆ, ಶುರುವಿನಲ್ಲಿ ತಡವಾದಷ್ಟು ಕೊನೆಯಲ್ಲೂ ತಡ. ಅಷ್ಟರಲ್ಲಿ ತೆರೆಯ ಮೇಲೆ ಸೊಸೆ ಬಾಯಿ ತೆರೆದಾಗಿದೆ, ಈ ದನಿ ಇನ್ನೂ ಅತ್ತೆಯ ಮಾತನ್ನೇ ಹೇಳುತ್ತಿದೆ. ಸೊಸೆಯ ಮಾತು ಇನ್ನೂ ತಡ. ಜಗಳದ ದೃಶ್ಯದಲ್ಲಿ ಉಸಿರಿಗೂ ಬಿಡುವಿಲ್ಲದೆ ಸಾಲುಗಳು ಒಂದಕ್ಕೊಂದು ಅಂಟಿಕೊಂಡವು. ಇಬ್ಬರು ಕಲಾವಿದರಿದ್ದರೆ ಹೇಗೋ ತಿಳಿಯುತ್ತಿತ್ತೇನೋ. ಒಂದೇ ದನಿ ಆದ್ದರಿಂದ ಒಬ್ಬಳೇ ಪ್ರಶ್ನೆ ಕೇಳಿ, ಒಬ್ಬಳೇ ಉತ್ತರ ಕೊಟ್ಟ ಹಾಗೆ ಕೇಳಿಸಿತು. ಓದುವವರು ವಾಕ್ಯದ ನಡುವೆ ಗಾಳಿ ಎಳೆದುಕೊಂಡಿದ್ದು ಮೈಕ್‌ನಲ್ಲಿ ಸ್ಪಷ್ಟವಾಗಿ ಬಂತು. ಕೆಳಗಿನ ಮೂಲ ದನಿಯಂತೂ ಪೂರ್ತಿ ಮುಚ್ಚಿಹೋಗಿತ್ತು.

ಎಣಿಕೆಯೇ ಮೋಸ ಮಾಡುವ ಇನ್ನೊಂದು ಜಾಗವೂ ಇದೆ. 'ಪೂಛಾ' ಎರಡಕ್ಷರ, 'ಸ್ಪ್ರಸೀಲಾ' ಮೂರು, ಒಂದೇ ಜಾಸ್ತಿ ಅನ್ನಿಸುತ್ತೆ. ಆದರೆ ಆ 'ಸ್ಪ್ರ', ಅದರ ಹಿಂದಿನ 'ವ್ಸೆಖ್', ಇವನ್ನು ನಾಲಿಗೆ ಹಗುರವಾಗಿ ದಾಟುವುದಿಲ್ಲ. ರಷ್ಯನ್ನಿನಲ್ಲಿ ಇಂಥ ಒತ್ತಕ್ಷರಗಳ ಗುಂಪು ಜಾಸ್ತಿ. ಒಂದೇ ಎಣಿಕೆಯ ಎರಡು ಸಾಲಿಗೆ ಬೇಕಾಗುವ ಹೊತ್ತು ಒಂದೇ ಅಲ್ಲ.

ಆ ಕಂತನ್ನು ಅಲ್ಲಿನ ಸಂಪಾದಕಿ ಕೂತು ತಿದ್ದಿದರು. ನನಗೆ ಅರ್ಧ ದುಡ್ಡು ಕೊಟ್ಟರು, ಮುಂದಿನ ಕಂತು ಬೇರೆಯವರಿಗೆ ಹೋಯಿತು. ಆದರೆ ತಿದ್ದಿದ ಪ್ರತಿಯನ್ನು ನಾನು ಕೇಳಿ ಇಸ್ಕೊಂಡೆ. ಅತ್ತೆಯ ಸಾಲು ಇಷ್ಟೇ ಆಗಿತ್ತು: 'ನೋಚ್ಯು ಗ್ದೆ ಬಿಲಾ?' ರಾತ್ರಿ ಎಲ್ಲಿದ್ದೆ? ಎಲ್ಲರನ್ನೂ ಕೇಳಿದೆ ಅನ್ನುವ ಭಾಗವೇ ಇಲ್ಲ. ಅವಳ ಮುಖ, ಕೆಳಗೆ ಕೇಳುವ ಅವಳದೇ ದನಿ, ಇವೆರಡೂ ಆ ಸಿಟ್ಟನ್ನು ಹೇಳುತ್ತವೆ. ಸೊಸೆಯ 'ಮಾಂಜೀ, ಮೈ ಮಂದಿರ್ ಗಯೀ ಥೀ' ಹೀಗಾಗಿತ್ತು: 'ವ್ ಖ್ರಾಮ್ ಖದೀಲಾ, ಮಾಮಾ.' ದೇವಸ್ಥಾನಕ್ಕೆ ಹೋಗಿದ್ದೆ, ಅಮ್ಮಾ.

ಆ 'ಲಾ' ನೋಡಿದಿರಾ? ಕನ್ನಡದಲ್ಲಿ 'ನಾನು ಹೋದೆ' ಅಂದರೆ ಹೇಳಿದ್ದು ಗಂಡೋ ಹೆಣ್ಣೋ ಗೊತ್ತಾಗುವುದಿಲ್ಲ. ರಷ್ಯನ್ ಭೂತಕಾಲದಲ್ಲಿ ಗೊತ್ತಾಗುತ್ತದೆ. ಹೆಂಗಸಾದರೆ 'ಖದೀಲಾ', ಗಂಡಸಾದರೆ 'ಖದೀಲ್'. ಎಲ್ಲರ ಮಾತನ್ನೂ ಒಬ್ಬ ಗಂಡಸೇ ಓದುವಾಗ, ಮಾತು ಯಾರದು ಅನ್ನುವುದಕ್ಕೆ ನಿಮ್ಮ ಕೈಯಲ್ಲಿರುವ ಅತಿ ಅಗ್ಗದ ಗುರುತು ಇದು. ಗಂಡ ಹೆಂಡತಿ ಇಬ್ಬರೂ ಇರುವ ದೃಶ್ಯದಲ್ಲಿ ಅವಳು 'ಹೊರಟೆ' ಅಂದರೆ ಅದನ್ನು 'ಮ್ನೆ ಪರಾ' ಅಂತಲೂ ಬರೆಯಬಹುದು, 'ಯಾ ಪಷ್ಲಾ' ಅಂತಲೂ ಬರೆಯಬಹುದು. ಎರಡೂ ಮೂರೇ ಅಕ್ಷರ. ಮೊದಲನೆಯದನ್ನು ಯಾರು ಬೇಕಾದರೂ ಹೇಳಬಹುದು, ಎರಡನೆಯದನ್ನು ಹೆಂಗಸು ಮಾತ್ರ. ನಾನು ಕಣ್ಣುಮುಚ್ಚಿ ಎರಡನೆಯದನ್ನೇ ಬರೆಯುತ್ತೇನೆ. ಕೊನೆಯಲ್ಲಿರುವ 'ಮಾಮಾ' ಕೂಡ ಸುಮ್ನೆ ಇಟ್ಟಿದ್ದಲ್ಲ. ಮಾತು ಯಾರಿಗೆ ಅಂತ ಅದು ಹೇಳುತ್ತದೆ. ಆದರೆ ಯಾರೋ ಗಟ್ಟಿಯಾಗಿ ಹೆಸರು ಹಿಡಿದು ಕೂಗಿದರೆ ಅದನ್ನು ಮತ್ತೆ ಓದಿಸಬೇಡಿ, ಅದು ಕೆಳಗಿನಿಂದ ಕೇಳಿಸುತ್ತೆ. ಅಳು, ನಿಟ್ಟುಸಿರು, ನಗುವೂ ಅಷ್ಟೇ.

ತುಟಿ ಬೇಕಾಗುವುದು ಡಬ್ಬಿಂಗ್‌ಗೆ. ಅಲ್ಲಿ ಮೂಲ ದನಿ ಇರುವುದೇ ಇಲ್ಲ, ಉಸಿರನ್ನೂ ಹೊಸದಾಗಿ ರೆಕಾರ್ಡ್ ಮಾಡುತ್ತಾರೆ. ಸೊಸೆಯ ಅದೇ ಸಾಲನ್ನು ಹತ್ತಿರದ ಶಾಟ್‌ನಲ್ಲಿ ಡಬ್ ಮಾಡುವುದಾದರೆ ನಾನು ಹೀಗೆ ಬರೆಯುತ್ತೇನೆ: 'ಮಾಮಾ, ಯಾ ಝೆ ಬಿಲಾ ವ್ ಖ್ರಾಮೆ.' ಮೂಲದಲ್ಲಿ ಮಾಂ, ಮೈ, ಮಂ ಅಂತ ತುಟಿ ಮೂರು ಸಲ ಮುಚ್ಚುತ್ತದೆ. ಇಲ್ಲಿ 'ಮ'ಗಳೂ 'ಬಿ'ಯೂ ತುಟಿ ಮುಚ್ಚಿಸುತ್ತವೆ. ಎಲ್ಲವೂ ಅದೇ ಜಾಗಕ್ಕೆ ಬೀಳುವುದಿಲ್ಲ, ಆದರೆ ಕಣ್ಣು ಮೊದಲು ಹಿಡಿಯುವ ಶುರುವಿನ 'ಮಾ' ಸರಿಯಾಗಿ ಬೀಳುತ್ತದೆ. ಆ 'ಝೆ' ಮೂಲದ ಹಾಗೆ ಎಂಟು ಅಕ್ಷರ ತುಂಬಿಸಲು ಬಂದದ್ದು, ಜೊತೆಗೆ 'ದೇವಸ್ಥಾನದಲ್ಲೇ ಇದ್ದೆನಲ್ಲಾ' ಅನ್ನುವ ಸಣ್ಣ ತಕರಾರನ್ನೂ ತರುತ್ತದೆ. ಈ ದೃಶ್ಯಕ್ಕೆ ಅದು ಒಪ್ಪುತ್ತೆ. ವಾಯ್ಸ್‌ಓವರ್‌ನಲ್ಲಿ ಇಂಥ 'ಝೆ'ಗಳು ಮೊದಲು ಕತ್ತರಿ ಬೀಳುವ ಪದಗಳು.

ಸಾಫ್ಟ್‌ವೇರ್‌ಗೆ ದುಡ್ಡು ಹಾಕಬೇಡಿ. ಸೆಕೆಂಡ್ ತೋರಿಸುವ ಯಾವ ಪ್ಲೇಯರ್ ಆದರೂ ಸಾಕು. ಮೂಲ ದನಿಯನ್ನು ಇಯರ್‌ಫೋನ್‌ನಲ್ಲಿ ಹಾಕಿಕೊಂಡು, ಒಂದೆರಡು ಪದ ಬಿಟ್ಟು, ನಿಮ್ಮ ಸಾಲನ್ನು ಜೋರಾಗಿ ಓದಿ. ಪಾತ್ರದ ಬಾಯಿ ಮುಚ್ಚುವ ಹೊತ್ತಿಗೆ ನೀವೂ ನಿಲ್ಲಬೇಕು. ಓಡಿಸಿ ಓದಿದರೆ ಮಾತ್ರ ಸೇರುತ್ತದೆ ಅಂದರೆ ಸಾಲು ಉದ್ದ. ಮನಸ್ಸಿನಲ್ಲಿ ಓದಿ ನೋಡಿದರೆ ಎಲ್ಲವೂ ಸೇರುತ್ತದೆ, ಅದನ್ನು ನಂಬಬೇಡಿ. ಜಗಳದ ದೃಶ್ಯವನ್ನು ನಡುವೆ ನಿಲ್ಲಿಸದೆ ಒಂದೇ ಪಟ್ಟಿಗೆ ಓದಿ, ಎಲ್ಲಿ ಉಸಿರು ಸಿಕ್ಕಿಹಾಕಿಕೊಳ್ಳುತ್ತೋ ಅಲ್ಲಿ ಕತ್ತರಿಸಿ.

ಇನ್ನೊಂದು, ಓದುವವರು ಒಬ್ಬರೇ ಅಂತ ಬರೆಯುವ ಮುಂಚೆ ಖಚಿತ ಮಾಡಿಕೊಳ್ಳಿ. ಟಿವಿಗೆ ಎಷ್ಟೋ ಕಡೆ ಗಂಡು ಹೆಣ್ಣು ಎರಡು ದನಿ ಇಡುತ್ತಾರೆ. ಹಾಗಾದರೆ ಗಂಡ ಹೆಂಡತಿ ಮಾತಾಡುವ ದೃಶ್ಯದಲ್ಲಿ 'ಪಷ್ಲಾ' ಬೇಕೇ ಬೇಕು ಅಂತ ಇಲ್ಲ. ಅತ್ತೆ ಸೊಸೆಯ ದೃಶ್ಯದಲ್ಲಿ ಮಾತ್ರ ಕಷ್ಟ ಹಾಗೇ ಉಳಿಯುತ್ತೆ. ಇಬ್ಬರೂ ಹೆಂಗಸರು, 'ಲಾ' ಇಬ್ಬರಿಗೂ ಒಂದೇ. ಅಲ್ಲಿ 'ಮಾಮಾ', 'ನೀನು', 'ನೀವು' ಇವನ್ನೇ ನೆಚ್ಚಿಕೊಳ್ಳಬೇಕು.