ದ್ರಾಕ್ಷಿ ಒಣಗುವಾಗ ಕೊನೆಗೆ ಸ್ವಲ್ಪ ನೀರು ಹೋದರೂ ಶೇಕಡಾ ಯಾಕೆ ಅಷ್ಟು ಇಳಿಯುತ್ತದೆ?

ಪ್ರಶ್ನೆ: ನಮ್ಮ ತಿಕೋಟಾ ಕಡೆ ಶೆಡ್ಡಿನಲ್ಲಿ 100 ಕೆಜಿ ಹಸಿ ದ್ರಾಕ್ಷಿಯಿಂದ ಮೊದಲು 20 ಕೆಜಿ ನೀರು ಆರಿದರೂ ನೀರಿನಂಶ ಶೇ. 80ರಿಂದ 75ಕ್ಕೆ ಮಾತ್ರ ಇಳಿಯಿತು. ಕೊನೆಗೆ ಒಂದೂವರೆ ಕೆಜಿಗೇ 20ರಿಂದ 15ಕ್ಕೆ ಬಂತು. ಯಾಕೆ?

ಉತ್ತರ: ಶೇಕಡಾವನ್ನು ಆ ಹೊತ್ತಿನ ಒಟ್ಟು ತೂಕದ ಮೇಲೆ ತೆಗೆಯುತ್ತೇವೆ. ಆ ತೂಕವೇ ಕುಗ್ಗುತ್ತಾ ಹೋಗುತ್ತದೆ. ಹಾಗಾಗಿ ಕೊನೆಯಲ್ಲಿ ಒಂದೊಂದು ಕೆಜಿ ನೀರಿಗೂ ಶೇಕಡಾ ಜಾಸ್ತಿ ಇಳಿಯುತ್ತದೆ.

ನೀರನ್ನು ಬಿಟ್ಟು, ಒಣ ಭಾಗವನ್ನು ನೋಡಿ. 100 ಕೆಜಿ ಹಸಿ ದ್ರಾಕ್ಷಿಯಲ್ಲಿ ಸಕ್ಕರೆ, ಸಿಪ್ಪೆ ಎಲ್ಲ ಸೇರಿ 20 ಕೆಜಿ. ಅದು ಆರಿಹೋಗುವುದಿಲ್ಲ. ನೀರು ಶೇ. 75 ಅಂದರೆ ಆ 20 ಕೆಜಿ ಈಗ ಒಟ್ಟಿನ ಕಾಲು ಭಾಗ. ಅಂದರೆ ಒಟ್ಟು 80 ಕೆಜಿ. ಶೇ. 60ಕ್ಕೆ ಇಳಿದರೆ ಒಟ್ಟು 50 ಕೆಜಿ, ಅರ್ಧ ತೂಕವೇ ಹೋಯಿತು! ಇಲ್ಲೇ ಎಲ್ಲರೂ 80ರಿಂದ 60 ಅಂದರೆ 20 ಅಂತ ಸುಮ್ನೆ 20 ಕೆಜಿ ಕಳೆದು ತಪ್ಪುತ್ತಾರೆ.

ಶೇ. 20ರಲ್ಲಿ ಒಟ್ಟು 25 ಕೆಜಿ, ಅದರಲ್ಲಿ ನೀರು ಬರೀ 5 ಕೆಜಿ. ಒಂದೂವರೆ ಕೆಜಿ ಹೋದರೆ ಉಳಿಯುವುದು ಮೂರೂವರೆ. ಒಟ್ಟು 23.5 ಕೆಜಿಯಲ್ಲಿ ಅದು ಸುಮಾರು ಶೇ. 15 ಅಲ್ವಾ?

ಸೂತ್ರ ಇಷ್ಟೇ: ಒಣ ತೂಕ ÷ ಒಣ ಪಾಲು = ಒಟ್ಟು ತೂಕ. ಶೇ. 15 ನೀರಿಗೆ 20 ÷ 0.85. ಆದರೆ ಜಾಳಿಯಿಂದ ಕಾಳು ಉದುರಿದ್ದರೆ ಒಣ ಭಾಗವೂ ಕಡಿಮೆಯಾಗಿರುತ್ತದೆ. ಉದುರಿದ್ದನ್ನೂ ಸೇರಿಸಿ ತೂಗಿ.