ದೊಡ್ಡಪ್ಪನ ಗುಡ್ ಮಾರ್ನಿಂಗ್ ಫೋಟೋ ಹೇಳುವುದೇನು?

ಪ್ರಶ್ನೆ: ನಮ್ಮ ಫ್ಯಾಮಿಲಿ ವಾಟ್ಸಾಪ್ ಗ್ರೂಪ್‌ನಲ್ಲಿ ದಿನಾ ಬೆಳಿಗ್ಗೆ ಹೂವು, ದೇವರು, ಚಹಾ ಕಪ್ಪಿನ ಫೋಟೋಗಳು ಸಾಲಾಗಿ ಬರುತ್ತವೆ. ಯಾರೂ ಓದಲ್ಲ. ಆದರೂ ಇವರು ಯಾಕೆ ಕಳಿಸ್ತಾರೆ? ನಿಜಕ್ಕೂ ಏನು ಹೇಳೋಕೆ ಹೊರಟಿದ್ದಾರೆ?

ಫೋಟೋದ ಮೇಲಿನ ಬರಹವನ್ನು ಎಷ್ಟೋ ಸಲ ಕಳಿಸಿದವರೂ ಓದಿರುವುದಿಲ್ಲ. ಅದರಲ್ಲಿ ಅರ್ಥ ಹುಡುಕಬೇಡಿ. ಯಾರು ಕಳಿಸಿದರು, ಎಷ್ಟೊತ್ತಿಗೆ ಕಳಿಸಿದರು, ಕೆಳಗೆ ಯಾರು ಕೈ ಮುಗಿದರು, ಯಾರು ಮುಗಿಯಲಿಲ್ಲ, ಅದನ್ನು ನೋಡಿ.

ನಾವು ಕಲಬುರಗಿಯವರು. ನಮ್ಮ ಗ್ರೂಪ್‌ನಲ್ಲಿ ಸೇಡಂ, ಸೊಲ್ಲಾಪುರ, ಪುಣೆ, ಬೆಂಗಳೂರು ಎಲ್ಲ ಕಡೆ ಇರುವವರಿದ್ದಾರೆ. ದಿನದ ಮೊದಲ ಫೋಟೋ ಸೇಡಂನ ದೊಡ್ಡಪ್ಪನದು. ಸೋಮವಾರ ಶರಣಬಸವೇಶ್ವರ, ಗುರುವಾರ ಗಾಣಗಾಪುರದ ದತ್ತಾತ್ರೇಯ, ಶನಿವಾರ ಹನುಮಪ್ಪ. ಉಳಿದ ದಿನ ಗುಲಾಬಿ. ಅವರಿಗೆ ಎಪ್ಪತ್ತು ದಾಟಿದೆ. ದೊಡ್ಡವ್ವ ತೀರಿಕೊಂಡ ಮೇಲೆ ಮನೆಯಲ್ಲಿ ಒಬ್ಬರೇ ಇರುತ್ತಾರೆ. ಏಳು ಗಂಟೆಯಾದರೂ ಫೋಟೋ ಬರದಿದ್ದರೆ ಅತ್ತಿ ಫೋನ್ ಹಚ್ಚುತ್ತಾರೆ: "ಅಣ್ಣಾ, ಆರಾಮ ಇದ್ದೀಯಿಲ್ಲೋ? ಇವತ್ತ ಫೋಟೋನೇ ಬಂದಿಲ್ಲ." ಸಾಮಾನ್ಯವಾಗಿ ರಿಚಾರ್ಜ್ ಮುಗಿದಿರುತ್ತದೆ, ಇಲ್ಲವೇ ರಾತ್ರಿ ಕರೆಂಟ್ ಹೋಗಿ ಫೋನ್ ಸತ್ತಿರುತ್ತದೆ. ಆದರೆ ಅತ್ತಿ ಕೇಳುವುದು ಬಿಡುವುದಿಲ್ಲ.

ಹಾಗಿದ್ದರೆ ದೊಡ್ಡಪ್ಪನೇ ಮಕ್ಕಳಿಗೆ ಫೋನ್ ಮಾಡಬಹುದಲ್ವಾ? ಮಾಡಲ್ಲ. ಫೋನ್ ಮಾಡಲು ಅವರಿಗೆ ಒಂದು ಕಾರಣ ಬೇಕು. ಮಗ ಮೀಟಿಂಗ್‌ನಲ್ಲಿದ್ದಾನೋ, ಬಸ್ಸಿನಲ್ಲಿದ್ದಾನೋ ಎಂಬ ಸಂಕೋಚ ಬೇರೆ. ಫೋಟೋಗೆ ಕಾರಣ ಬೇಕಿಲ್ಲ. ಅದು ಉತ್ತರವನ್ನೂ ಕೇಳುವುದಿಲ್ಲ. ಮಾನವಶಾಸ್ತ್ರಜ್ಞ ಮಾಲಿನೋವ್ಸ್ಕಿ 1923ರಲ್ಲೇ ಇಂಥ ಮಾತುಗಳ ಬಗ್ಗೆ ಬರೆದಿದ್ದರು: ಸುದ್ದಿ ತಿಳಿಸಲಿಕ್ಕಲ್ಲ, ನಂಟು ಉಳಿಸಿಕೊಳ್ಳಲಿಕ್ಕೆ ಆಡುವ ಮಾತು. ನಮ್ಮ ಕಡೆ ದಾರಿಯಲ್ಲಿ ಸಿಕ್ಕವರು "ಊಟ ಆಯ್ತೇನ್ರಿ?" ಅನ್ನುತ್ತಾರಲ್ಲ, ಹಾಗೆ. ಏನು ಊಟ ಮಾಡಿದಿರಿ ಅಂತ ಯಾರಿಗೆ ಬೇಕು!

ಇನ್ನು ಜಗಳ ಇರುವ ಮನೆಗಳಲ್ಲಿ ಈ ಫೋಟೋಗಳ ಕೆಲಸ ಜಾಸ್ತಿ. ಹೊಲದ ಬದುವಿನ ವಿಚಾರಕ್ಕೆ ಅಪ್ಪ ಮತ್ತು ಕಾಕಾ ಮಾತು ಬಿಟ್ಟಿದ್ದರು. ಗುಡ್ ಮಾರ್ನಿಂಗ್ ಮಾತ್ರ ಇಬ್ಬರೂ ಬಿಡಲಿಲ್ಲ. ಕಾಕಾ ಗ್ರೂಪ್‌ನಲ್ಲಿ ಹಾಕಿದ ಮೇಲೆ ಅಪ್ಪ ತಮ್ಮದನ್ನು ಹಾಕುವರು, ಆದರೆ ಕಾಕಾನ ಫೋಟೋಗೆ ಏನೂ ಅನ್ನುತ್ತಿರಲಿಲ್ಲ. ಎಲ್ಲರಿಗೂ ಹಾಕಿದ್ದು ಅಂದಮೇಲೆ ಯಾರೂ ಸೋತಂತಾಗಲಿಲ್ಲ, ನೋಡಿ. ತಿಂಗಳುಗಳ ನಂತರ ಒಂದು ದಿನ ಅಪ್ಪ ಕಾಕಾನ ಫೋಟೋ ಕೆಳಗೆ ಕೈ ಮುಗಿಯುವ ಚಿಹ್ನೆ ಒತ್ತಿದರು. ಅವ್ವ ಅದನ್ನು ನನಗೆ ಪಿಸುಮಾತಿನಲ್ಲಿ ಹೇಳಿದರು, ದೊಡ್ಡ ಸುದ್ದಿ ಎಂಬಂತೆ. ಹೊಲಕ್ಕೆ ಹೋಗಿ ಚರಗ ಚೆಲ್ಲುವ ಎಳ್ಳಮಾವಾಸ್ಯೆ ಬೆಳಿಗ್ಗೆ ಕಾಕಾ ಶುಭಾಶಯದ ಫೋಟೋವನ್ನು ಗ್ರೂಪ್‌ಗೆ ಹಾಕದೆ ನೇರವಾಗಿ ಅಪ್ಪನ ನಂಬರಿಗೆ ಕಳಿಸಿದರು. ಇದು ದೊಡ್ಡ ಹೆಜ್ಜೆ. ಸ್ವಲ್ಪ ಹೊತ್ತಿಗೆ ಅಪ್ಪ ಟೈಪ್ ಮಾಡಿದರು: "ಚರಗಕ್ಕ ಎಷ್ಟೊತ್ತಿಗೆ ಹೋಗ್ತೀರಿ?" ಬದುವಿನ ಜಗಳ ಇನ್ನೂ ತೀರಿಲ್ಲ. ಮಾತು ಶುರುವಾಗಿದೆ.

ಎಲ್ಲ ಫೋಟೋಗಳಿಗೂ ಇಷ್ಟು ಅರ್ಥ ಕಟ್ಟಬೇಡಿ. ವಿಮೆ ಏಜೆಂಟ್, ವಾರ್ಡಿನ ಚುನಾವಣೆಗೆ ನಿಲ್ಲುವವರು ಬ್ರಾಡ್‌ಕಾಸ್ಟ್ ಲಿಸ್ಟ್ ಮಾಡಿಕೊಂಡಿರುತ್ತಾರೆ. ಒಂದು ಲಿಸ್ಟ್‌ನಲ್ಲಿ 256 ಜನ ಹಿಡಿಯುತ್ತಾರೆ. ಅವರ ನಂಬರ್ ನೀವು ಸೇವ್ ಮಾಡಿಕೊಂಡಿದ್ದರೆ ಮಾತ್ರ ಅದು ನಿಮಗೆ ಬರುತ್ತದೆ. ಅವರು ಹೇಳುವುದು ಇಷ್ಟೇ: ನನ್ನ ಹೆಸರು ಮರೀಬೇಡಿ. ಗೊತ್ತಾಗುವುದು ಹೇಗೆ? ನೀವು ಊರಿನಿಂದ ಬಂದ ದಿನವೂ, ಮನೆಯಲ್ಲಿ ಸಾವಾದ ದಿನವೂ ಅದೇ ಹೊತ್ತಿಗೆ ಅದೇ ನಗುವ ಹೂವು ಬಂದರೆ, ಕಳಿಸಿದವರ ಮನಸ್ಸಿನಲ್ಲಿ ನೀವಿಲ್ಲ. ನಮ್ಮ ದೊಡ್ಡಪ್ಪ ಅಂಥ ದಿನ ಫೋಟೋ ಹಾಕುವುದೇ ಇಲ್ಲ.

ನೀವು ದಿನಾ ಉತ್ತರ ಕೊಡಬೇಕಿಲ್ಲ. ನೋಡಿದರೆ ಸಾಕು. ರೀಡ್ ರಿಸೀಟ್ ಆಫ್ ಮಾಡಿದರೂ ಅದು ಗ್ರೂಪ್‌ಗೆ ಅನ್ವಯಿಸುವುದಿಲ್ಲ. ಕಳಿಸಿದವರು ಫೋಟೋ ಒತ್ತಿ ಹಿಡಿದು ಇನ್ಫೋ ತೆರೆದರೆ ಯಾರು ನೋಡಿದ್ದಾರೆ ಅಂತ ಹೆಸರು ಸಮೇತ ಕಾಣುತ್ತದೆ. ಹಿರಿಯರಿಗೆ ಇದು ಗೊತ್ತಿಲ್ಲ ಅಂದುಕೊಳ್ಳಬೇಡಿ, ಚೆನ್ನಾಗಿ ಗೊತ್ತು. ಫೋನ್ ತುಂಬುವ ಚಿಂತೆ ಇದ್ದರೆ ಸೆಟ್ಟಿಂಗ್ಸ್‌ನಲ್ಲಿ ಫೋಟೋ ಆಟೋ ಡೌನ್‌ಲೋಡ್ ನಿಲ್ಲಿಸಿ. ಫೋಟೋ ಇಳಿಯದಿದ್ದರೂ ಗ್ರೂಪ್ ತೆರೆದರೆ ನೋಡಿದಿರಿ ಎಂದೇ ತೋರಿಸುತ್ತದೆ. ಗದ್ದಲ ಬೇಡವಾದರೆ ಮ್ಯೂಟ್ ಮಾಡಿ. ಗ್ರೂಪ್ ಬಿಟ್ಟು ಮಾತ್ರ ಹೋಗಬೇಡಿ. ಈಗ ಯಾರಾದರೂ ಬಿಟ್ಟರೆ ಅಡ್ಮಿನ್‌ಗಷ್ಟೇ ಸೂಚನೆ ಹೋಗುತ್ತದೆ, ನಿಜ. ಆದರೆ ನಮ್ಮಲ್ಲಿ ಅಡ್ಮಿನ್ ಅತ್ತಿನೇ.